ಸಾಲ ಎಷ್ಟು ಇಳೀತು?

ಪಾಠ 9

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಇದು ತೆಂಗಿನ ಸೀಮೆ. ಇಲ್ಲಿ ಊರೂರಿಗೆ ಮಹಿಳಾ ಸಂಘಗಳಿವೆ. ಹೆಂಗಸರು ದುಡ್ಡು ಉಳಿಸುತ್ತಾರೆ. ಸಾಲ ಪಡೆಯುತ್ತಾರೆ. ಕಂತು ಕಟ್ಟುತ್ತಾರೆ.

ಮೊದಲು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಲೆಕ್ಕ ಬರೆಸಿಕೊಂಡು ಬರುತ್ತಿದ್ದರು. ಈಗ ಮೊಬೈಲಿನಲ್ಲೇ ಪಾಸ್‌ಬುಕ್ ಆ್ಯಪ್ ಇದೆ. ಅದರ ಪರದೆಯ ಚಿತ್ರ ತೆಗೆದು ಎಲ್ಲರಿಗೂ ಕಳಿಸುತ್ತಾರೆ. ಇದಕ್ಕೆ ಸ್ಕ್ರೀನ್‌ಶಾಟ್ ಎನ್ನುತ್ತಾರೆ.

ಚಿತ್ರ ಎಲ್ಲರ ಕೈಗೂ ಬಂತು. ಆದರೆ ಅದನ್ನು ಓದುವುದು ಹೇಗೆ? ಸಂಘದ ಕಾರ್ಯದರ್ಶಿಯೊಬ್ಬರು ಸಭೆಯಲ್ಲಿ ಮಾತನಾಡಿದಂತೆ ಈ ಪಾಠವನ್ನು ಬರೆದಿದೆ. ಇದು ಮಾದರಿ ಭಾಷಣ. ಇದರಲ್ಲಿರುವ ಸಂಖ್ಯೆಗಳು ಲೆಕ್ಕ ಕಲಿಯುವುದಕ್ಕೆ. ಒಬ್ಬರು ಜೋರಾಗಿ ಓದಿ. ಉಳಿದವರು ಕೇಳಿ.

ಭಾಷಣ

ಅಧ್ಯಕ್ಷರೇ, ಅಕ್ಕಂದಿರೇ, ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಹೋದ ಸಭೆ ಜಗಳದಲ್ಲಿ ಮುಗಿಯಿತು. ಅದು ನಿಮಗೂ ಗೊತ್ತು, ನನಗೂ ಗೊತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇವತ್ತು ಆ ವಿಷಯವನ್ನೇ ಮೊದಲಿಂದ ಹೇಳ್ತೀನಿ. ನಡುವೆ ಏನಾದರೂ ತಿಳಿಯದಿದ್ದರೆ ತಡೆದು ಕೇಳಿ.

ನಾವು 12 ಜನ. ಬ್ಯಾಂಕಿನಿಂದ ಸಂಘದ ಹೆಸರಿನಲ್ಲಿ ಸಾಲ ತಂದಿದ್ದೇವೆ. ಜೂನ್ 1ಕ್ಕೆ ಆ ಸಾಲದಲ್ಲಿ ಉಳಿದಿದ್ದ ಬಾಕಿ 60,000 ರೂಪಾಯಿ. ಒಬ್ಬೊಬ್ಬರು ತಿಂಗಳಿಗೆ 500 ರೂಪಾಯಿ ಕಟ್ಟಬೇಕು. 12 ಜನ ಸೇರಿದರೆ 6,000. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳೂ ಒಂದನೇ ತಾರೀಕಿಗೆ ನೀವು ತಪ್ಪದೆ ಕೊಟ್ಟಿರಿ. ಒಬ್ಬ ಅಕ್ಕ ಕಾಯಿ ಸುಲಿದ ಕೂಲಿ ತಂದು ಕೊಟ್ಟರು. ಇನ್ನೊಬ್ಬರು ಮೊಟ್ಟೆ ಮಾರಿ ಕೊಟ್ಟರು. ಮೂರು ತಿಂಗಳಿಗೆ 18,000 ರೂಪಾಯಿ ಆಯಿತು.

ನಾನು ಪ್ರತಿ ತಿಂಗಳೂ ಬ್ಯಾಂಕಿಗೆ ಹೋಗಿ ಕಟ್ಟಿದೆ. ಆ್ಯಪ್ ತೆರೆದು ಚಿತ್ರ ತೆಗೆದೆ. ವಾಟ್ಸಾಪಿನಲ್ಲಿ ಕಳಿಸಿದೆ. 6,000 ಅಂತ ಕಾಣಿಸಿತು. ಎಲ್ಲರಿಗೂ ಸಮಾಧಾನ ಆಯಿತು. ನನಗೂ ಆಯಿತು.

ಆಗಸ್ಟ್ 10ರ ಸಭೆಯಲ್ಲಿ ನಮ್ಮ ಅಜ್ಜಿ ಒಂದು ಮಾತು ಕೇಳಿದರು.

"ಕಟ್ಟಿದ್ದು ಕಾಣ್ತೈತೆ ಕಣಮ್ಮ. ಸಾಲ ಎಷ್ಟು ಇಳೀತು, ಅದನ್ನ ಹೇಳು."

ಅಜ್ಜಿ ಅಕ್ಷರ ಕಲಿತು ಒಂದು ವರ್ಷ ಆಗಿಲ್ಲ. ಆದರೆ ಕೇಳಬೇಕಾದ ಮಾತು ಅವರೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲೇ ಆ್ಯಪಿನಲ್ಲಿ ಸಾಲದ ಲೆಕ್ಕ ತೆರೆದೆ. 61,206 ರೂಪಾಯಿ ಅಂತ ಬಂತು. 18,000 ಕಟ್ಟಿದ ಮೇಲೆ ಸಾಲ ಇಳಿಯಬೇಕಲ್ಲವೇ? ಏರಿತ್ತು.

"ನಮ್ಮ ದುಡ್ಡು ಎಲ್ಲಿ ಹೋಯ್ತು?" ಅಂದಿರಿ. ಕೆಲವರು ನನ್ನ ಮುಖ ನೋಡಿದಿರಿ. ಹಾಗೆ ನೋಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕೂಲಿ ಮಾಡಿ ತಂದ ದುಡ್ಡು ಅದು.

ಈಗ ಆ ದುಡ್ಡು ಎಲ್ಲಿತ್ತು ಅಂತ ನೋಡೋಣ. ಎರಡು ಚಿತ್ರಗಳನ್ನೂ ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ.

ಮೊದಲನೇ ಚಿತ್ರ

ನಾನು ನಿಮಗೆ ಕಳಿಸಿದ್ದು ಇದು.

```
SB A/c XXXX2206
01-06 CASH DEP 6,000 Cr  10,200 Cr
25-06 INT         40 Cr  10,240 Cr
01-07 CASH DEP 6,000 Cr  16,240 Cr
01-08 CASH DEP 6,000 Cr  22,240 Cr
```

ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಇದೆ ಅಂತ ಹೆದರಬೇಡಿ. ಅಂಕಿಗಳು ನಮಗೆ ಬರುತ್ತವೆ. ಅಕ್ಷರಗಳಲ್ಲಿ ನಾಲ್ಕೈದು ಗುರುತು ಹಿಡಿದರೆ ಸಾಕು.

ಒಂದೊಂದು ಸಾಲನ್ನೂ ಎಡದಿಂದ ಓದಿ. ಮೊದಲು ತಾರೀಕು. 01-06 ಅಂದರೆ ಜೂನ್ ಒಂದು. ಆಮೇಲೆ ಏನು ನಡೆಯಿತು ಅನ್ನುವುದು. CASH DEP ಅಂದರೆ ನಗದು ಕಟ್ಟಿದ್ದು. INT ಅಂದರೆ ಬಡ್ಡಿ. ಆಮೇಲೆ ಎಷ್ಟು ದುಡ್ಡು ಅನ್ನುವುದು. ಕೊನೆಯಲ್ಲಿ, ಅಷ್ಟು ಆದ ಮೇಲೆ ಖಾತೆಯಲ್ಲಿ ಎಷ್ಟಿದೆ ಅನ್ನುವುದು.

ಇದು ನಮ್ಮ ಅಟ್ಟದ ಲೆಕ್ಕದ ಹಾಗೆ. ಕಾಯಿ ಒಣಗಿ ಕೊಬ್ಬರಿ ಆಗುವ ತನಕ ತಿಂಗಳುಗಟ್ಟಲೆ ಅಟ್ಟದಲ್ಲಿ ಇಡುತ್ತೇವೆ. ಅಟ್ಟಕ್ಕೆ ಹಾಕಿದ ಕಾಯಿ ಎಷ್ಟು, ಇಳಿಸಿದ ಕಾಯಿ ಎಷ್ಟು, ಉಳಿದ ಕಾಯಿ ಎಷ್ಟು ಅಂತ ಗುರುತು ಇಡುತ್ತೇವೆ. ಬ್ಯಾಂಕೂ ಅದನ್ನೇ ಮಾಡುತ್ತದೆ.

ಈಗ ಮೇಲಿನ ಸಾಲು ನೋಡಿ. SB ಅಂತ ಇದೆ. SB ಅಂದರೆ ಉಳಿತಾಯ ಖಾತೆ. ಕೊನೆಯ ನಾಲ್ಕು ಅಂಕಿ 2206. ಇದು ನಮ್ಮ ಸಂಘದ ಉಳಿತಾಯ ಖಾತೆ. ಸಾಲದ ಖಾತೆ ಅಲ್ಲ!

ನಾನು ಚಿತ್ರ ಕಳಿಸುವಾಗ ಈ ಮೇಲಿನ ಸಾಲು ಕತ್ತರಿಸಿ ಹೋಗಿತ್ತು. ನಾನೂ ನೋಡಲಿಲ್ಲ. ನೀವೂ ಕೇಳಲಿಲ್ಲ.

ಎರಡನೇ ಚಿತ್ರ

ಇದು ಸಾಲದ ಖಾತೆ.

```
Loan A/c XXXX4417
01-06 Balance         60,000 Dr
30-06 INT     600 Dr  60,600 Dr
31-07 INT     606 Dr  61,206 Dr
```

ಮೇಲೆ Loan ಅಂತ ಇದೆ. ಅಂದರೆ ಸಾಲ. ಕೊನೆಯ ನಾಲ್ಕು ಅಂಕಿ 4417. ಈ ಚಿತ್ರದಲ್ಲಿ CASH DEP ಹುಡುಕಿ. ಇದೆಯೇ? ಒಂದೂ ಇಲ್ಲ. ಅಂದರೆ ಮೂರು ತಿಂಗಳಲ್ಲಿ ಸಾಲಕ್ಕೆ ಒಂದು ರೂಪಾಯಿಯೂ ಜಮಾ ಆಗಿಲ್ಲ. ಬಡ್ಡಿ ಮಾತ್ರ ಸೇರುತ್ತಾ ಹೋಗಿದೆ.

ಇಲ್ಲಿ ಇನ್ನೊಂದು ವಿಷಯ ತಿಳಿದುಕೊಳ್ಳಿ. Cr ಅಂದರೆ ಜಮಾ. Dr ಅಂದರೆ ಖರ್ಚು ಅಥವಾ ಸಾಲ. ಉಳಿತಾಯ ಖಾತೆಯ ಕೊನೆಯಲ್ಲಿ Cr ಇದ್ದರೆ ಅಷ್ಟು ದುಡ್ಡು ನಮ್ಮದು. ಸಾಲದ ಖಾತೆಯ ಕೊನೆಯಲ್ಲಿ Dr ಇದ್ದರೆ ಅಷ್ಟು ದುಡ್ಡು ನಾವು ಬ್ಯಾಂಕಿಗೆ ಕೊಡಬೇಕು.

INT ಅನ್ನುವ ಪದ ಎರಡು ಚಿತ್ರದಲ್ಲೂ ಇದೆ. ಮೊದಲನೆಯದರಲ್ಲಿ 40 Cr. ಅದು ಬ್ಯಾಂಕು ನಮಗೆ ಕೊಟ್ಟ ಬಡ್ಡಿ. ಎರಡನೆಯದರಲ್ಲಿ 600 Dr. ಅದು ಬ್ಯಾಂಕು ನಮ್ಮ ಮೇಲೆ ಹಾಕಿದ ಬಡ್ಡಿ. ಪದ ಒಂದೇ. ಪಕ್ಕದ ಎರಡು ಅಕ್ಷರ ನೋಡದಿದ್ದರೆ ಕೊಟ್ಟದ್ದೋ ತೆಗೆದುಕೊಂಡದ್ದೋ ತಿಳಿಯುವುದಿಲ್ಲ. ಕೆಲವು ಆ್ಯಪಿನಲ್ಲಿ Dr ಬದಲು ಅಂಕಿಯ ಹಿಂದೆ ಒಂದು ಅಡ್ಡ ಗೆರೆ ಇರುತ್ತದೆ. ಕೆಲವದರಲ್ಲಿ ಕೆಂಪು ಬಣ್ಣ ಇರುತ್ತದೆ. ಅರ್ಥ ಅದೇ.

ತಪ್ಪು ಎಲ್ಲಿ ಆಯಿತು?

ದುಡ್ಡು ಕಳುವಾಗಿರಲಿಲ್ಲ. ಜಾಗ ತಪ್ಪಿತ್ತು.

ಬ್ಯಾಂಕಿನಲ್ಲಿ ದುಡ್ಡು ಕಟ್ಟುವಾಗ ಚಲನ್ ತುಂಬಬೇಕು. ಅದರಲ್ಲಿ ಖಾತೆಯ ನಂಬರು ಬರೆಯಬೇಕು. ನಾನು ಹಳೆಯ ಚಲನ್ ನೋಡಿ ನಂಬರು ಬರೆದೆ. ಹಳೆಯ ಚಲನ್ ಉಳಿತಾಯದ್ದು. ಬ್ಯಾಂಕಿನವರು ಬರೆದ ನಂಬರಿಗೇ ದುಡ್ಡು ಹಾಕಿದರು. ಜೂನ್‌ನಲ್ಲಿ ಮಾಡಿದ ತಪ್ಪು ಜುಲೈಯಲ್ಲಿ, ಆಗಸ್ಟಿನಲ್ಲಿ ಹಾಗೇ ಮುಂದುವರಿಯಿತು. ಯಾಕೆಂದರೆ ಪ್ರತಿ ಸಲವೂ ನಾನು ಹಿಂದಿನ ಚಲನ್ ನೋಡಿಯೇ ಬರೆದೆ.

ಉಳಿತಾಯ ಖಾತೆಯಲ್ಲಿ ದುಡ್ಡಿದ್ದರೆ ಬ್ಯಾಂಕು ತಾನೇ ಸಾಲಕ್ಕೆ ಹಾಕಿಕೊಳ್ಳುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಹಾಗೆ ಹಾಕಿಕೊಳ್ಳಲು ಮೊದಲೇ ಬರೆದುಕೊಟ್ಟಿರಬೇಕು. ನಾವು ಕೊಟ್ಟಿರಲಿಲ್ಲ.

ನಾವು ಮೂವರು ಬ್ಯಾಂಕಿಗೆ ಹೋದೆವು. ಅಧ್ಯಕ್ಷರು, ನಾನು, ಜೊತೆಗೆ ಅಜ್ಜಿ. ಮೂರು ರಸೀದಿ, ಎರಡು ಪಾಸ್‌ಬುಕ್, ಸಂಘದ ಮೊಹರು, ನಡಾವಳಿ ಪುಸ್ತಕ ತೆಗೆದುಕೊಂಡು ಹೋದೆವು. 18,000 ರೂಪಾಯಿಯನ್ನು 2206ರಿಂದ 4417ಕ್ಕೆ ಹಾಕಿ ಅಂತ ಬರೆದುಕೊಟ್ಟೆವು. ನಮ್ಮ ಖಾತೆ ಇಬ್ಬರ ಸಹಿಯಿಂದ ನಡೆಯುವುದು. ಇಬ್ಬರೂ ಸಹಿ ಮಾಡಿದೆವು. ಆಗಸ್ಟ್ 12ಕ್ಕೆ ಸಾಲದ ಖಾತೆಯಲ್ಲಿ ಹೊಸ ಸಾಲು ಬಂತು.

```
12-08 TRF 18,000 Cr  43,206 Dr
```

TRF ಅಂದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದದ್ದು. 18,000ದ ಪಕ್ಕ Cr ಇದೆ. ಅಂದರೆ ಸಾಲಕ್ಕೆ ಜಮಾ ಆಯಿತು. 43,206ರ ಪಕ್ಕ Dr ಇದೆ. ಅಂದರೆ ಇನ್ನೂ ಅಷ್ಟು ಸಾಲ ಉಳಿದಿದೆ.

ಲೆಕ್ಕ ಮಾಡೋಣ

ಒಬ್ಬ ತಂಗಿ ನನ್ನನ್ನು ಕೇಳಿದಳು. "ಅಕ್ಕ, 60,000ದಲ್ಲಿ 18,000 ಕಳೆದರೆ 42,000 ಅಲ್ವಾ? 43,206 ಹೆಂಗಾಯ್ತು?"

ಒಳ್ಳೆಯ ಪ್ರಶ್ನೆ. ಬಡ್ಡಿ ಇದೆಯಲ್ಲ, ಅದಕ್ಕೆ ಹಾಗಾಯಿತು. ನಮ್ಮ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 12 ರೂಪಾಯಿ ಬಡ್ಡಿ. ತಿಂಗಳಿಗೆ ನೂರಕ್ಕೆ 1 ರೂಪಾಯಿ ಅಂತ ಇಟ್ಟುಕೊಳ್ಳಿ. ಬ್ಯಾಂಕು ದಿನದ ಲೆಕ್ಕ ಹಾಕುತ್ತದೆ. ಆದ್ದರಿಂದ ಕೆಲವು ರೂಪಾಯಿ ಆಚೀಚೆ ಆಗುತ್ತದೆ. ಕಲಿಯುವುದಕ್ಕೆ ನಮ್ಮ ಲೆಕ್ಕ ಸಾಕು.

ಸರಿಯಾದ ಖಾತೆಗೆ ಕಟ್ಟಿದ್ದರೆ ಏನಾಗುತ್ತಿತ್ತು?

ಜೂನ್ 1ಕ್ಕೆ 60,000ದಲ್ಲಿ 6,000 ಹೋದರೆ 54,000. ಆ ತಿಂಗಳ ಬಡ್ಡಿ 540. ಒಟ್ಟು 54,540.

ಜುಲೈ 1ಕ್ಕೆ 6,000 ಕಳೆದರೆ 48,540. ಆ ತಿಂಗಳ ಬಡ್ಡಿ 485. ಒಟ್ಟು 49,025.

ಆಗಸ್ಟ್ 1ಕ್ಕೆ 6,000 ಕಳೆದರೆ 43,025.

ಅಂದರೆ ಸರಿಯಾಗಿ ಕಟ್ಟಿದ್ದರೂ 42,000ಕ್ಕೆ ಇಳಿಯುತ್ತಿರಲಿಲ್ಲ. ಕಟ್ಟಿದ ದುಡ್ಡಿನಲ್ಲಿ ಬಡ್ಡಿಗೆ ಒಂದು ಪಾಲು ಹೋಗುತ್ತದೆ. ಉಳಿದದ್ದು ಮಾತ್ರ ಅಸಲಿಗೆ ಹೋಗುತ್ತದೆ. ಇದರಲ್ಲಿ ಮೋಸ ಇಲ್ಲ. ಇದನ್ನು ತಿಳಿಯದೆ ಎಷ್ಟೋ ಸಂಘಗಳಲ್ಲಿ ಲೆಕ್ಕ ಬರೆಯುವವರ ಮೇಲೆ ಅನುಮಾನ ಬರುತ್ತದೆ.

ಈಗ ನಮ್ಮ ಬಾಕಿ 43,206. ಇರಬೇಕಾದದ್ದು 43,025. ಹೆಚ್ಚಾದದ್ದು 181 ರೂಪಾಯಿ. ಆಗಸ್ಟಿನ ಮೊದಲ ದಿನಗಳ ಹೆಚ್ಚಿನ ಬಡ್ಡಿ ತಿಂಗಳ ಕೊನೆಗೆ ಇನ್ನಷ್ಟು ಸೇರುತ್ತದೆ. ಈ ದುಡ್ಡನ್ನು ನಾನು ಕೊಡುತ್ತೇನೆ ಅಂದೆ. ನೀವು ಬೇಡ ಅಂದಿರಿ. "ಚಿತ್ರ ನಾವೂ ನೋಡಿದ್ವಿ, ನಾವೂ ಓದಲಿಲ್ಲ" ಅಂದಿರಿ. ಆ ಮಾತು ನಾನು ಮರೆಯುವುದಿಲ್ಲ.

ಆದರೆ 181 ರೂಪಾಯಿಗಿಂತ ದೊಡ್ಡ ಅಪಾಯ ಒಂದಿತ್ತು. ಕಂತು ಬಾಕಿ ಬಿದ್ದು 90 ದಿನ ದಾಟಿದರೆ ಬ್ಯಾಂಕು ಆ ಸಾಲವನ್ನು ವಸೂಲಾಗದ ಸಾಲದ ಪಟ್ಟಿಗೆ ಸೇರಿಸುತ್ತದೆ. ಆಮೇಲೆ ಹೊಸ ಸಾಲ ಸಿಗುವುದು ಕಷ್ಟ. ನಾವು 72ನೇ ದಿನಕ್ಕೆ ಎಚ್ಚೆತ್ತೆವು. ಅಜ್ಜಿ ಕೇಳದಿದ್ದರೆ ಮೂರು ವಾರದೊಳಗೆ ನಾವೂ ಆ ಪಟ್ಟಿಗೆ ಸೇರುತ್ತಿದ್ದೆವು. ಉಳಿತಾಯ ಖಾತೆಯಲ್ಲಿ ದುಡ್ಡು ಇಟ್ಟುಕೊಂಡೇ ಸೇರುತ್ತಿದ್ದೆವು.

ಚಿತ್ರದಲ್ಲಿ ಕಾಣದ್ದು

ಅಕ್ಕಂದಿರೇ, ಇನ್ನೊಂದು ಮಾತು. ಬ್ಯಾಂಕಿನ ಚಿತ್ರದಲ್ಲಿ ನಮ್ಮ ಯಾರ ಹೆಸರೂ ಇಲ್ಲ. ಸಂಘದ ಹೆಸರು ಮಾತ್ರ ಇದೆ. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಆರಂಭಿಸಿತು. ಆಗಿನಿಂದ ರೀತಿ ಇದೇ. ಬ್ಯಾಂಕಿಗೆ ಸಂಘ ಒಂದೇ ಸಾಲಗಾರ. 11 ಜನ ಕಟ್ಟಿ ಒಬ್ಬರು ಬಿಟ್ಟರೂ ಸಂಘದ್ದೇ ಬಾಕಿ.

ಹಾಗಾದರೆ ನೀವು 500 ಕಟ್ಟಿದ್ದಕ್ಕೆ ಸಾಕ್ಷಿ ಯಾವುದು? ಸಂಘದ ಲೆಕ್ಕದ ಪುಸ್ತಕ ಮತ್ತು ನಿಮ್ಮ ಕೈಯಲ್ಲಿರುವ ಸಣ್ಣ ಪಾಸ್‌ಬುಕ್. ಹೋದ ಸಭೆಯಲ್ಲಿ ಜಗಳ ತಣ್ಣಗಾಗಿದ್ದು ಅದರಿಂದಲೇ. ಎಲ್ಲರ ಪುಸ್ತಕದಲ್ಲೂ ಮೂರು ಕಂತು, ಮೂರು ಸಹಿ ಇತ್ತು. ಎಲ್ಲವನ್ನೂ ಕೂಡಿದಾಗ 18,000 ಬಂತು. ಉಳಿತಾಯ ಖಾತೆಯ ಚಿತ್ರದಲ್ಲೂ 18,000 ಕಂಡಿತು. ಎರಡೂ ತಾಳೆ ಆಯಿತು.

ನಮ್ಮ ವಾರದ ಉಳಿತಾಯವೂ ಈ ಚಿತ್ರದಲ್ಲಿ ಕಾಣುವುದಿಲ್ಲ. ಆ ದುಡ್ಡನ್ನು ಸಭೆಯಲ್ಲೇ ಒಳಸಾಲವಾಗಿ ಕೊಟ್ಟಿದ್ದೇವೆ. ಅದು ಬ್ಯಾಂಕಿಗೆ ಹೋಗಿಲ್ಲ. ಅದರ ಲೆಕ್ಕ ಪುಸ್ತಕದಲ್ಲಿದೆ. ಆದ್ದರಿಂದ ಮೊಬೈಲ್ ಬಂತು ಅಂತ ಪುಸ್ತಕ ಬಿಡಬಾರದು.

ಚಿತ್ರ ಒಂದು ದಿನದ್ದು. ಅಟ್ಟದ ಫೋಟೊ ಇವತ್ತು ತೆಗೆದರೆ ಇವತ್ತಿನ ಕಾಯಿ ಕಾಣುತ್ತದೆ. ನಾಳೆ ಇಳಿಸಿದ್ದು ಅದರಲ್ಲಿ ಕಾಣುವುದಿಲ್ಲ. ಹಳೆಯ ಚಿತ್ರವನ್ನು ಹೊಸದು ಅಂತ ಕಳಿಸಬಹುದು. ಚಿತ್ರದ ಅಂಕಿಯನ್ನು ತಿದ್ದಲೂಬಹುದು. ಅನುಮಾನ ಬಂದರೆ ಸಭೆಯಲ್ಲೇ ಆ್ಯಪ್ ತೆರೆಸಿ ನೋಡಿ. ಅದೂ ಸಾಲದಿದ್ದರೆ ಬ್ಯಾಂಕಿನಲ್ಲಿ ಪಾಸ್‌ಬುಕ್ ಬರೆಸಿ. ಕೊನೆಯ ಮಾತು ಅದರದ್ದೇ.

ಇನ್ನು ಮುಂದೆ

ಇನ್ನು ಮುಂದೆ ಪ್ರತಿ ಸಭೆಗೂ ನಾನು ಎರಡು ಚಿತ್ರ ತರುತ್ತೇನೆ. ಒಂದು ಉಳಿತಾಯದ್ದು, ಒಂದು ಸಾಲದ್ದು. ಮೇಲಿನ ಸಾಲು ಕತ್ತರಿಸುವುದಿಲ್ಲ. ಚಿತ್ರ ತೆಗೆದ ತಾರೀಕು ಬರೆದು ಕಳಿಸುತ್ತೇನೆ. ಎರಡು ಖಾತೆಯ ಕೊನೆಯ ನಾಲ್ಕು ಅಂಕಿಯನ್ನು ನಿಮ್ಮ ಸಣ್ಣ ಪಾಸ್‌ಬುಕ್ಕಿನ ಹಿಂದೆ ಬರೆದುಕೊಳ್ಳಿ. ಚಲನ್ ತುಂಬಿದ ಮೇಲೆ ಇನ್ನೊಬ್ಬ ಸದಸ್ಯೆ ನಂಬರು ಓದಿ ನೋಡಬೇಕು. ಈ ಕೆಲಸಕ್ಕೆ ತಿಂಗಳಿಗೆ ಒಬ್ಬರಂತೆ ಸರದಿ ಇಟ್ಟುಕೊಳ್ಳೋಣ.

ಚಿತ್ರ ಬಂದಾಗ ನೀವು ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಖಾತೆ? ಯಾವ ದಿನದ್ದು? ಪಕ್ಕದಲ್ಲಿರುವುದು Cr ಇದೆಯೋ, Dr ಇದೆಯೋ? ಹೋದ ತಿಂಗಳಿಗಿಂತ ಬಾಕಿ ಇಳಿದಿದೆಯೋ, ಏರಿದೆಯೋ?

ಚಿತ್ರವನ್ನು ಸಂಘದವರಿಗೆ ಬಿಟ್ಟು ಬೇರೆಯವರಿಗೆ ಕಳಿಸಬೇಡಿ. ಬ್ಯಾಂಕಿನವರು ಅಂತ ಯಾರಾದರೂ ಫೋನ್ ಮಾಡಿ ಒಟಿಪಿ, ಪಿನ್ ಕೇಳಿದರೆ ಹೇಳಬೇಡಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ.

ಅಟ್ಟದ ಕಾಯಿ ಒಡೆದು ಕೊಬ್ಬರಿ ಮಾರಿದಾಗ ಕೆಲವರ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಆಗ ಕಂತಿನ ಜೊತೆಗೆ ಸ್ವಲ್ಪ ಹೆಚ್ಚು ಕಟ್ಟಬಹುದು. ಎಲ್ಲರೂ ಸೇರಿ 10,000 ಹೆಚ್ಚು ಕಟ್ಟಿದರೆ ತಿಂಗಳಿಗೆ 100 ರೂಪಾಯಿ ಬಡ್ಡಿ ಕಡಿಮೆ. ಆದರೆ ಯಾವ ಖಾತೆಗೆ? ನೀವೇ ಹೇಳಿ.

(ಎಲ್ಲರೂ: "4417!")

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಈಗ ಅಜ್ಜಿ ಎರಡನೇ ಚಿತ್ರದ ಕೊನೆಯ ಸಾಲನ್ನು ಓದುತ್ತಾರೆ. ಕೇಳಿ.

ಹೊಸ ಪದಗಳು

ಜಮಾ: ಖಾತೆಗೆ ಬಂದ ದುಡ್ಡು
ಅಸಲು: ಬಡ್ಡಿ ಬಿಟ್ಟು, ಪಡೆದ ಸಾಲದ ದುಡ್ಡು
ಚಲನ್: ದುಡ್ಡು ಕಟ್ಟುವಾಗ ತುಂಬುವ ಚೀಟಿ
ತಾಳೆ: ಎರಡು ಲೆಕ್ಕ ಒಂದೇ ಆಗುವುದು
ಒಳಸಾಲ: ಸಂಘದ ದುಡ್ಡಿನಿಂದಲೇ ಸದಸ್ಯರಿಗೆ ಕೊಡುವ ಸಾಲ

ಓದಿ, ಉತ್ತರ ಹೇಳಿ

1. ಮೊದಲನೇ ಚಿತ್ರ ಯಾವ ಖಾತೆಯದು? ಅದು ಹೇಗೆ ತಿಳಿಯಿತು?
2. ಸಾಲದ ಖಾತೆಯಲ್ಲಿ INT ಪಕ್ಕ Dr ಇದ್ದರೆ ಸಾಲ ಏರುತ್ತದೆಯೋ, ಇಳಿಯುತ್ತದೆಯೋ?
3. ಸಂಘದವರು ಕಟ್ಟಿದ 18,000 ರೂಪಾಯಿ ಎಲ್ಲಿತ್ತು?

ಲೆಕ್ಕ ಮಾಡಿ

ಒಂದು ಸಂಘದ ಸಾಲದ ಬಾಕಿ 30,000 ರೂಪಾಯಿ. ತಿಂಗಳ ಒಂದನೇ ತಾರೀಕಿಗೆ 5,000 ಕಟ್ಟಿದರು. ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ. ತಿಂಗಳ ಕೊನೆಗೆ ಚಿತ್ರದಲ್ಲಿ ಎಷ್ಟು Dr ಕಾಣಬೇಕು?

(ಉತ್ತರ: 25,000ಕ್ಕೆ ಬಡ್ಡಿ 250. ಒಟ್ಟು 25,250 Dr.)

ಮಾಡಿ ನೋಡಿ

ನಿಮ್ಮ ಸಂಘದ ಎರಡು ಖಾತೆಗಳ ಕೊನೆಯ ನಾಲ್ಕು ಅಂಕಿ ಕೇಳಿ ತಿಳಿದುಕೊಳ್ಳಿ. ಯಾವುದು ಉಳಿತಾಯದ್ದು, ಯಾವುದು ಸಾಲದ್ದು ಎಂದು ಕೆಳಗೆ ಬರೆಯಿರಿ.

ಉಳಿತಾಯ: _ _ _ _
ಸಾಲ: _ _ _ _